ಹುಲಿಕುಂಟೆ ಹುಡುಗಿಯರ ಎದೆಗುರುತು

ಶಿರಾದಲ್ಲಿ ನನ್ನದೊಂದು ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ. ಶಾಲೆ ಮಕ್ಕಳ ಜೇಬಿನ ಬ್ಯಾಡ್ಜು, ಕ್ಲಬ್ಬುಗಳ ಜರ್ಸಿ, ಟೋಪಿ, ಮದುವೆ ಬ್ಲೌಸು, ಎಲ್ಲ ಹೊಲಿದು ಕೊಡುತ್ತೇನೆ. ಹೆಸರು ವನಜಾಕ್ಷಿ. ಬಾಯಿ ಜೋರು ಅಂತ ಪೇಟೆಯಲ್ಲೆಲ್ಲ ಹೇಳುತ್ತಾರೆ. ಹೇಳಲಿ. ದಿನವಿಡೀ ಮೆಷಿನ್ ಸದ್ದಿನ ಮೇಲೆ ಮಾತಾಡುವವಳ ಬಾಯಿ ಇನ್ನೇನು ಪಿಸುಗುಟ್ಟುತ್ತದೆಯೇ?

ಹುಲಿಕುಂಟೆಯ ಹುಡುಗಿಯರ ಖೋ-ಖೋ ತಂಡಕ್ಕೆ ಲಾಂಛನ ಬೇಕು ಅಂತ ಬಂದವರು ಮೂವರು. ಕೋಚ್ ಸ್ನೇಹಲತಾ, ಅಲ್ಲಿನ ಹೈಸ್ಕೂಲಿನ ಪಿ.ಟಿ. ಮೇಡಂ. ಕ್ಲಬ್ಬಿನ ಅಧ್ಯಕ್ಷ ಹುಚ್ಚಣ್ಣ, ಕುರಿ ಸಾಕುವವನು. ಮತ್ತೆ ರಿಟೈರಾದ ಡ್ರಾಯಿಂಗ್ ಮೇಷ್ಟ್ರು ನಂದೀಶ್ವರಯ್ಯ, ತಂಡದ ನಾಯಕಿ ಗಗನಾಳ ತಾತ. ಗಂಡಸರಿಬ್ಬರೂ ಕುರ್ಚಿ ಹಿಡಿದು ಕೂತರು. ಸ್ನೇಹಲತಾ ನಿಂತುಕೊಂಡೇ ವಿಷಯ ಹೇಳಿದಳು.

ಹೋದ ವರ್ಷ ಮಧುಗಿರಿಯ ಟೂರ್ನಮೆಂಟಿನಲ್ಲಿ ಈ ಹುಡುಗಿಯರೇ ಗೆದ್ದಿದ್ದರು. ಆದರೆ ಹಾಕಿಕೊಂಡಿದ್ದ ಜರ್ಸಿ ಪ್ರಸನ್ನಕುಮಾರ್ ಅನ್ನುವವರು ಪುಕ್ಕಟೆ ಕೊಟ್ಟದ್ದು. ಅವರದು ಬೀಜ ಗೊಬ್ಬರದ ಅಂಗಡಿ. ಎದೆಯ ಮೇಲೆ ಅದನ್ನೇ ಬರೆಸಿದ್ದರು. ಮೈಕಿನವನು ಎದೆ ನೋಡಿ ಓದಿದ. ಆಟ ಮುಗಿಯುವವರೆಗೂ ‘ಗೊಬ್ಬರದ ಅಂಗಡಿ ತಂಡ, ಗೊಬ್ಬರದ ಅಂಗಡಿ ತಂಡ’ ಅಂತ ಕೂಗಿದ. ಕಪ್ಪಿನ ಮೇಲೂ ಹಾಗೆಯೇ ಕೆತ್ತಿದರು. ಹೆಸರು ಯಾರದೋ ಕಪ್ಪು ಅವರದು ಅಂತ ಅದು ಅಂಗಡಿಗೇ ಹೋಯಿತು. ಈಗ ಔಷಧಿ ಹೊಡೆಯುವ ಪಂಪುಗಳ ನಡುವೆ ಇದೆ. ಪ್ರಸನ್ನಕುಮಾರ್ ಕೆಟ್ಟ ಮನುಷ್ಯನೇನಲ್ಲ. ಪ್ರತಿ ಶುಕ್ರವಾರ ಕಪ್ಪಿಗೆ ಹೂ ಹಾಕಿ ಊದುಬತ್ತಿ ಬೆಳಗುತ್ತಾರೆ. ಹುಡುಗಿಯರು ಹಾದು ಹೋಗುವಾಗ ‘ಬಂದು ನೋಡ್ಕಂಡು ಹೋಗ್ರಮ್ಮ’ ಅಂತ ಕರೆಯುತ್ತಾರೆ.

"ಅಕ್ಕಾ, ಈ ಸಲ ಎದೆ ಮೇಲೆ ಸ್ವಂತ ಲಾಂಛನ ಇದ್ರೆ ಮಾತ್ರ ಸ್ವಂತ ಹೆಸರಲ್ಲಿ ಕೂಗ್ತಾರಂತೆ. ಇಲ್ಲಾಂದ್ರೆ ಏನು ಬರ್ದಿರ್ತದೋ ಅದೇ ಹೆಸರು," ಅಂದಳು ಸ್ನೇಹಲತಾ. "ನಮ್ಮ ಹುಡುಗೀರು ಇನ್ನೊಂದ್ಸಲ ಗೊಬ್ಬರ ಅನ್ನಿಸ್ಕಂಡ್ರೆ ನಾನು ವಿಷಲ್ ಕೆಳಗಿಟ್ಟು ಮನೇಲಿ ಕೂರ್ತೀನಿ."

ನನಗೆ ಆ ಹುಡುಗಿ ಅವತ್ತೇ ಹಿಡಿಸಿದಳು.

ಹುಚ್ಚಣ್ಣ ಫ್ಲೆಕ್ಸ್ ಅಂಗಡಿಯಲ್ಲಿ ಮಾಡಿಸಿದ್ದ ಚಿತ್ರ ಬಿಚ್ಚಿದ. ಅಯ್ಯೋ ಶಿವನೇ! ಗುರಾಣಿ ಆಕಾರ. ಅದರೊಳಗೆ ಬೆಟ್ಟ, ಬೆಟ್ಟದ ಮೇಲೆ ದೇವಸ್ಥಾನ, ಪಕ್ಕದಲ್ಲಿ ಪಂಜು, ತೆರೆದ ಪುಸ್ತಕ, ಒಂದು ಕಡೆ ಸಿಂಹ, ಇನ್ನೊಂದು ಕಡೆ ಕುರಿ, ಕೆಳಗೆ ಕಡ್ಲೆಕಾಯಿ ಗಿಡ, ನಡುವೆ ಓಡುತ್ತಿರುವ ಇಬ್ಬರು ಹುಡುಗಿಯರು, ಅವರ ಹಿಂದೆ ಸೋಲಾರ್ ಪ್ಯಾನೆಲ್ಲು. ಸುತ್ತ ಕ್ಲಬ್ಬಿನ ಪೂರ್ತಿ ಹೆಸರು, ತಾಲ್ಲೂಕು, ಜಿಲ್ಲೆ. ಬುಡದಲ್ಲಿ ರಿಬ್ಬನ್ನು, ರಿಬ್ಬನ್ನಿನ ಮೇಲೆ ಸಂಸ್ಕೃತ.

"ಸೋಲಾರ್ ಪಾವಗಡದ್ದಲ್ವೇನಣ್ಣ?" ಅಂದೆ.

"ಪಾವಗಡದೋರೂ ಆಡಕ್ಕೆ ಬತ್ತಾರಲ್ಲಮ್ಮ, ಬೇಜಾರಾಗ್ಬಾರ್ದು," ಅಂದ ಹುಚ್ಚಣ್ಣ.

ಬಾಯಲ್ಲಿ ಹೇಳಿದರೆ ಇವರು ಕೇಳುವ ಪೈಕಿ ಅಲ್ಲ ಅಂತ ಗೊತ್ತಾಯಿತು. ಎರಡು ದಿನ ಬಿಟ್ಟು ಬನ್ನಿ ಅಂತ ಕಳಿಸಿ, ಅದನ್ನೇ ಎದೆಯ ಬ್ಯಾಡ್ಜಿನ ಅಳತೆಗೆ ಇಳಿಸಿ ಮೆಷಿನ್ನಿಗೆ ಹಾಕಿದೆ. ದಾರಕ್ಕೆ ದಪ್ಪ ಅಂತ ಒಂದಿದೆ. ಒಂದು ಮಿಲಿಮೀಟರಿಗಿಂತ ಸಣ್ಣ ಗೆರೆ ನಿಲ್ಲುವುದಿಲ್ಲ, ಅಷ್ಟೇ ಸಣ್ಣ ಸಂದು ಮುಚ್ಚಿಹೋಗುತ್ತದೆ. ಅಕ್ಷರ ಅರ್ಧ ಸೆಂಟಿಮೀಟರಾದರೂ ಎತ್ತರ ಇರಬೇಕು, ಅದರಲ್ಲೂ ನಮ್ಮ ಒತ್ತಕ್ಷರಗಳಿಗೆ ಇನ್ನೂ ಜಾಸ್ತಿ ಜಾಗ ಬೇಕು. ಹೊಲಿದು ಮುಗಿದಾಗ ಜರ್ಸಿ ಬಟ್ಟೆ ಸುರುಟಿಕೊಂಡಿತ್ತು. ಬಂದವರ ಮುಂದೆ ಅದನ್ನು ಇಟ್ಟು, ಏನೇನಿದೆ ಹೇಳಿ ಅಂದೆ.

"ಇದು ಬದ್ನೇಕಾಯಾ?" ಅಂದ ಹುಚ್ಚಣ್ಣ.

"ಪಂಜು."

"ಈ ಆಲೂಗಡ್ಡೆ?"

"ನಿಮ್ಮ ಕುರಿ ಕಣಣ್ಣ."

ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡರು. "ಸಿಂಹ ಎಲ್ಲಮ್ಮ?" ಅಂದರು. ಸಿಂಹ ಇದ್ದ ಕಡೆ ಒಂದು ಕಂದು ಗಂಟು ಇತ್ತು. ಅದನ್ನೇ ತೋರಿಸಿದೆ.

ಆಮೇಲೆ ಶುರುವಾಯಿತು ನೋಡಿ. ತೆಗೆಯುವುದಕ್ಕೆ ಎಲ್ಲರೂ ಒಪ್ಪಿದರು, ಆದರೆ ಇನ್ನೊಬ್ಬರದ್ದನ್ನು. ಹುಚ್ಚಣ್ಣ ಸಿಂಹ ತೆಗಿ ಅಂದ, ಮೇಷ್ಟ್ರು ಕುರಿ ತೆಗಿ ಅಂದರು. ಸಂಸ್ಕೃತ ಯಾರು ಓದ್ತಾರೆ ಅಂದ ಹುಚ್ಚಣ್ಣ, ಕಡ್ಲೆಕಾಯಿ ಏನು ಖೋ-ಖೋ ಆಡುತ್ತದೆಯೇ ಅಂದರು ಮೇಷ್ಟ್ರು. ನನ್ನ ತಲೆ ಕೆಟ್ಟುಹೋಯಿತು. ಚಿತ್ರವನ್ನು ಅಂಗಿ ಗುಂಡಿಯಷ್ಟಕ್ಕೆ ಕುಗ್ಗಿಸಿ, ಬರೀ ಕಪ್ಪು ಬಣ್ಣದಲ್ಲಿ ಪ್ರಿಂಟ್ ತೆಗೆದು, ಗೋಡೆಗೆ ಅಂಟಿಸಿ ಬಾಗಿಲ ಹತ್ತಿರ ಹೋಗಿ ನಿಂತು ನೋಡಿ ಅಂದೆ.

"ಏನ್ ಕಾಣ್ತದೋ ಅದೊಂದೇ ಲಾಂಛನ. ಮಿಕ್ಕಿದ್ದೆಲ್ಲ ಅಲಂಕಾರ. ಎದೆ ಮೇಲೆ ಹೊಲಿಬೇಕು, ಟೋಪಿ ಮೇಲೆ ಇನ್ನೂ ಸಣ್ಣದಾಗಿ ಹೊಲಿಬೇಕು, ಒಂದೇ ಬಣ್ಣದಲ್ಲಿ ಕ್ಲಬ್ಬಿನ ಸೀಲು ಮಾಡಿಸ್ಬೇಕು, ವಾಟ್ಸಾಪಿನ ಡಿ.ಪಿ. ಬೊಟ್ಟಲ್ಲಿ ಕೂರ್ಬೇಕು. ಎಲ್ಲ ಕಡೆ ಅದೇ ಮುಖ ಇರ್ಬೇಕಲ್ವಾ?"

ಬಾಗಿಲ ಹತ್ತಿರದಿಂದ ಗುರಾಣಿ ಮತ್ತು ಬೆಟ್ಟ ಮಾತ್ರ ಕಾಣುತ್ತಿತ್ತು. ಮಿಕ್ಕದ್ದು ಮಸಿ. ಕೂತು ಅಲ್ಲೇ ಬಿಡಿಸಿದೆ. ನೀಲಿ ಗುರಾಣಿ, ಒಳಗೆ ಬಿಳಿಯ ತ್ರಿಕೋನ ಒಂದು, ಅದರ ನೆತ್ತಿಯ ಮೇಲೆ ಸ್ವಲ್ಪ ಬಿಟ್ಟು ಬಿಳಿಯ ಬೊಟ್ಟು. ಬೆಟ್ಟ ಮತ್ತು ಸೂರ್ಯ. ಅಕ್ಷರ ಇಲ್ಲ. ಊರಿನ ಹೆಸರು ಜರ್ಸಿಯ ಬೆನ್ನಿಗೆ, ದೊಡ್ಡದಾಗಿ.

"ಇದನ್ನ ಒಂದನೇ ಕ್ಲಾಸಿನ ಮಗು ಬರೀತದಲ್ಲಮ್ಮ," ಅಂದರು ಮೇಷ್ಟ್ರು.

"ಬರೀಲಿ ಸಾರ್. ಒಂದ್ಸಲ ನೋಡಿ, ಮನೆಗೋಗಿ ನೆನಪಲ್ಲೇ ಬರೆಯೋಕೆ ಬಂದ್ರೆ ಅದಕ್ಕಿಂತ ಇನ್ನೇನು ಬೇಕು?"

ಅವರು ಯೋಚಿಸಿ ತಲೆಯಾಡಿಸಿದರು. ಕಮಿಟಿ ಒಪ್ಪಿತು. ಹುಚ್ಚಣ್ಣ ಫೋಟೋ ತೆಗೆದು ಊರಿನ ಗ್ರೂಪಿಗೆ ಹಾಕಿದ, ಎಲ್ಲರೂ ಹೆಬ್ಬೆರಳು ಎತ್ತಿದರು. ಒಂದು ಸ್ಯಾಂಪಲ್ ಜರ್ಸಿ ಹೊಲಿದು ಗಗನಾಳ ಅಳತೆಗೆ ಕೊಟ್ಟು ಕಳಿಸಿದೆ.

ಮಾರನೇ ದಿನ ಸಂಜೆ ಸ್ನೇಹಲತಾಳ ಫೋನು. "ಅಕ್ಕಾ, ಬೇಗ ಬನ್ನಿ. ಗಗನಾನ ಬೈರಪ್ಪ ತನ್ನ ಮಂದೆಗೆ ಸೇರಿಸ್ಕಂಡ್ಬುಟ್ಟಿದಾನೆ."

ಏನಂತ ಕೇಳಿದರೆ ಬನ್ನಿ ಅಕ್ಕಾ ಅನ್ನುತ್ತಾಳೆ. ಮೆಷಿನ್ ಆರಿಸಿ ಬಸ್ಸು ಹತ್ತಿದೆ. ಹುಲಿಕುಂಟೆಯ ಹಾಲಿನ ಡೈರಿ ಮುಂದೆ ಜನ ಸೇರಿತ್ತು. ನಡುವೆ ಗಗನಾ ಹೊಸ ಜರ್ಸಿ ಹಾಕಿಕೊಂಡು ನಿಂತಿದ್ದಳು, ಅವಳ ಸುತ್ತ ಕುರಿ. ಆ ಕುರಿಗಳ ಯಜಮಾನ ಬೈರಪ್ಪ ಕೋಲು ಊರಿ ನಿಂತಿದ್ದ. ನಾನು ಬಂದದ್ದು ನೋಡಿ ಒಂದು ಕುರಿಯನ್ನು ಹಿಡಿದೆಳೆದು ನನ್ನ ಮುಂದೆ ಅಡ್ಡ ನಿಲ್ಲಿಸಿದ. ಅದರ ಬೆನ್ನಿನ ಮೇಲೆ ಕೆಂಪು ಬಣ್ಣದ ತ್ರಿಕೋನ, ನೆತ್ತಿಯ ಮೇಲೆ ಸ್ವಲ್ಪ ಬಿಟ್ಟು ಒಂದು ಬೊಟ್ಟು.

"ಇದು ಯಾರ್ ಗುರುತು?" ಅಂದ.

ನಾನು ಬಾಯಿ ಮುಚ್ಚಿಕೊಂಡೆ. ಅದು ಅಪರೂಪ.

"ನಮ್ಮಪ್ಪನ ಕಾಲದಿಂದ ನಮ್ಮನೆ ಗುರುತು. ಇದನ್ನ ಹಾಕ್ಕಂಡು ಬೀದೀಲಿ ಬತ್ತಾವ್ಳೆ ಮೇಷ್ಟ್ರು ಮೊಮ್ಮಗಳು! ನಾಕ್ ಊರ ಮಂದೆ ಒಂದೇ ಕೆರೇಲಿ ನೀರು ಕುಡೀತವೆ, ಗುರುತು ನೋಡಿ ತಾನೇ ಬಿಡಿಸ್ಕಳೋದು? ನಾಳೆ ಮಧುಗಿರೀಲಿ ನೋಡಿದೋರು ಏನಂತಾರೆ? ಬೈರಪ್ಪನ ಕುರಿ ಆಡ್ತಾವೆ ಅಂತಾರೆ."

ಸ್ನೇಹಲತಾ ಹಣೆ ಒತ್ತಿಕೊಂಡಳು. ಗೊಬ್ಬರದಿಂದ ಬಿಡಿಸಿದರೆ ಹುಡುಗಿಯರು ಕುರಿಯಾಗಿದ್ದರು.

ನಾನು ಹುಚ್ಚಣ್ಣನ ಕಡೆ ತಿರುಗಿದೆ. ಸಿಟ್ಟು ನೆತ್ತಿಗೇರಿತ್ತು. "ಅಣ್ಣಾ, ನೀವೂ ಕುರಿಯೋರು. ಕಣ್ಣಿಗೆ ಬೀಳ್ಲಿಲ್ವಾ?"

"ಕಾಗ್ದದ ಮೇಲೆ ಇತ್ತಲ್ಲಮ್ಮ. ನೀನ್ ಬೆಟ್ಟ ಅಂದೆ, ನಾನೂ ಬೆಟ್ಟ ಅಂದ್ಕಂಡೆ. ಕುರಿ ಮೇಲಿದ್ದಿದ್ರೆ ತಟ್ನೆ ಹೇಳ್ಬುಡ್ತಿದ್ದೆ," ಅಂದ. ಹೆಬ್ಬೆರಳು ಎತ್ತಿದ್ದವರೆಲ್ಲ ಹೌದು ಹೌದು ಅಂದರು. ಬೈರಪ್ಪನೂ ಎತ್ತಿದ್ದನಂತೆ.

ಆಗಲಿ, ಸರಿಪಡಿಸೋಣ ಅಂತ ಸುಲಭದ ದಾರಿ ಹೇಳಿದೆ. ತ್ರಿಕೋನದ ಕೆಳಗೆ ಒಂದು ಗೆರೆ ಎಳೆದರೆ ಬೇರೆಯೇ ಆಗುತ್ತದೆ, ಸಣ್ಣದು ಮಾಡಿದರೂ ಗೆರೆ ಉಳಿಯುತ್ತದೆ ಅಂದೆ. ಒಂದಿಬ್ಬರು ನನ್ನಿಂದ ಸ್ವಲ್ಪ ದೂರ ಸರಿದರು.

ಹುಚ್ಚಣ್ಣ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಅಂಗನ್ಬ್ಯಾಡಮ್ಮ. ಇನ್ನೊಬ್ರ ಗುರುತಿಗೆ ಗೆರೆ ಸೇರ್ಸೋನು ಕುರಿ ಕಳ್ಳ."

ಬಣ್ಣ ಬದಲಾಯಿಸೋಣ ಅಂದೆ. ಬಣ್ಣ ಮಳೆಗೆ ಹೋಗ್ತದೆ, ಆಕಾರ ಉಳೀತದೆ ಅಂದರು. ನಾನೂ ಒಂದೇ ಬಣ್ಣದಲ್ಲಿ ನಿಲ್ಲಬೇಕು ಅಂತ ಅಂಗಡಿಯಲ್ಲಿ ಇವರಿಗೇ ಪಾಠ ಹೇಳಿದ್ದೆ, ಈಗ ತಿರುಗಿ ಮಾತಾಡುವ ಹಾಗಿಲ್ಲ. ಬೇರೆ ಆಕಾರ ತೆಗೆದುಕೊಳ್ಳೋಣ ಅಂತ ಡೈರಿಯ ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯತೊಡಗಿದೆ. ವೃತ್ತ ಬರೆದೆ. ಅದು ಹುಚ್ಚಣ್ಣನದು. ಅಡ್ಡಗೆರೆ ಎರಡು? ಬೋರಯ್ಯನದು. ಶಿಲುಬೆಯಂತೆ ಕೂಡಿದ ಗೆರೆ? ಅದು ಆಚೆ ಹಟ್ಟಿಯವರದು, ಅವರು ಜಗಳಗಂಟರು. ಅರ್ಧಚಂದ್ರ, ಚೌಕ, ಮೂರು ಬೊಟ್ಟು, ಬಾಣ, ಎಲ್ಲಕ್ಕೂ ಒಬ್ಬೊಬ್ಬರು ಕೈ ಎತ್ತಿದರು. ದೂರದಿಂದ ಕಾಣುವ, ಸಣ್ಣದಾದರೂ ಕೆಡದ ಆಕಾರ ಭೂಮಿಯ ಮೇಲೆ ಎಷ್ಟಿದೆಯೋ ಅಷ್ಟೂ ಹುಲಿಕುಂಟೆಯಲ್ಲಿ ಯಾವುದಾದರೂ ಕುರಿಯ ಬೆನ್ನ ಮೇಲಿತ್ತು. ಮಿಕ್ಕದ್ದು ಸಿಂಹ ಮತ್ತು ಪಂಜು.

"ನಾನ್ ಮೊದ್ಲೇ ಸಿಂಹ ಅಂದೆ," ಅಂದರು ಮೇಷ್ಟ್ರು.

ಟೂರ್ನಮೆಂಟಿಗೆ ಒಂದು ವಾರವೂ ಇರಲಿಲ್ಲ. ಪ್ರಸನ್ನಕುಮಾರ್ ಕಡೆಯಿಂದ ಹೊಸ ಜರ್ಸಿಯ ಮೂಟೆ ಅದಾಗಲೇ ಬಂದಿತ್ತು, ಈ ಸಲ ಅಕ್ಷರ ಇನ್ನೂ ದಪ್ಪ. ಸ್ನೇಹಲತಾ ಡೈರಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಗಗನಾ ಅವಳ ಪಕ್ಕ ಕೂತು ಜರ್ಸಿ ಬಿಚ್ಚಿಕೊಡಲೋ ಬೇಡವೋ ಅನ್ನುವಂತೆ ಅದರ ಅಂಚು ಹಿಡಿದುಕೊಂಡಿದ್ದಳು. ಒಂದು ಬೊಟ್ಟು ಒಂದು ತ್ರಿಕೋನದ ಮಾತು, ಅದಕ್ಕೆ ಮಕ್ಕಳ ಮುಖ ಇಷ್ಟು ಸಣ್ಣದಾಗಬೇಕೇ?

ಆಗ ಬೈರಪ್ಪನೇ ಗಂಟಲು ಸರಿಮಾಡಿಕೊಂಡ. "ಪೆದ್ದಮ್ಮಂದು ಖಾಲಿ ಐತಲ್ಲ," ಅಂದ.

ಹುಚ್ಚಣ್ಣ ನನಗೆ ವಿವರಿಸಿದ. ಊರ ಕೊನೆಯಲ್ಲಿ ಅಣ್ಣನ ಮಗನ ಮನೆಯಲ್ಲಿರುವ ಮುದುಕಿ ಪೆದ್ದಮ್ಮ. ಕೆಲವು ವರ್ಷದ ಹಿಂದೆ ರೋಗ ಬಂದು ಅವಳ ಮಂದೆ ಪೂರ್ತಿ ಹೋಯಿತು, ಮರಿಯೂ ಉಳಿಯಲಿಲ್ಲ. ಆಮೇಲೆ ಆಕೆ ಕುರಿ ಕಟ್ಟಲಿಲ್ಲ. ಅವಳ ಗುರುತು ಯಾವ ಕುರಿಯ ಮೇಲೂ ಇಲ್ಲ. ಆದರೂ ಯಾರೂ ತಗೊಂಡಿಲ್ಲ.

"ತಗೊಳ್ಳೋಕೆ ನಾವು ಯಾರು? ಕೇಳ್ಬೇಕು," ಅಂದರು ಮೇಷ್ಟ್ರು, ಎದ್ದು ನಿಂತು ಪಂಚೆ ಸರಿಮಾಡಿಕೊಂಡರು. ಅವತ್ತಿನ ಮಟ್ಟಿಗೆ ಅದೇ ಮೊದಲ ಬುದ್ಧಿಯ ಮಾತು.

ಪೆದ್ದಮ್ಮ ಜಗಲಿಯ ಮೇಲೆ ಕಡ್ಲೆಕಾಯಿ ಸುಲಿಯುತ್ತಿದ್ದಳು. ಅಧ್ಯಕ್ಷ, ಮೇಷ್ಟ್ರು, ಕೋಚು, ನಾನು, ಹಿಂದೆ ತಂಡ, ಅದರ ಹಿಂದೆ ಬೈರಪ್ಪನ ಕುರಿ, ಎಲ್ಲ ಸಾಲಾಗಿ ನಿಂತಿದ್ದು ನೋಡಿಯೂ ಸುಲಿಯುವುದು ನಿಲ್ಲಿಸಲಿಲ್ಲ. ಸ್ನೇಹಲತಾ ಮುಂದೆ ಹೋಗಿ ಕೆಳಗೆ ಕೂತು ಎಲ್ಲ ಹೇಳಿದಳು. ಗೊಬ್ಬರ, ಕಪ್ಪು, ತ್ರಿಕೋನ, ಏನೂ ಬಿಡಲಿಲ್ಲ.

"ನಿಮ್ ಹುಡುಗೀರು ಕುರಿಗಳೇನವ್ವ?" ಅಂದಳು ಮುದುಕಿ.

"ಅಲ್ಲಜ್ಜಿ. ಖೋ-ಖೋ ಆಡ್ತಾರೆ."

"ಹಂಗಂದ್ರೆ?"

"ಓಡ್ತಾರೆ. ಸಿಕ್ಕಾಕ್ಕಳ್ದಂಗೆ ಓಡ್ಬೇಕು."

ಪೆದ್ದಮ್ಮ ಗಗನಾಳನ್ನು, ಅವಳ ಹಿಂದಿನವರನ್ನು ಒಬ್ಬೊಬ್ಬರಾಗಿ ನೋಡಿದಳು. ಮೊರ ಪಕ್ಕಕ್ಕಿಟ್ಟು ನೆಲದ ಮಣ್ಣಿನಲ್ಲಿ ಬೆರಳಿನಿಂದ ಬರೆದಳು. ಒಂದು ದುಂಡು, ಕೆಳಗೆ ಒಂದಿಷ್ಟು ತೆರಪು, ಒಳಗೆ ಒಂದು ಬೊಟ್ಟು. ಕುರಿ ಕೂಡುವ ರೊಪ್ಪ, ಅದರ ಬಾಗಿಲು, ಒಳಗೊಂದು ಕುರಿ. ಅಷ್ಟೇ.

ಎಂಥ ಗುರುತು! ನೋಡುತ್ತಲೇ ನನ್ನ ಕೈ ತುರಿಸಿತು. ಆದರೆ ತೆರಪು ಸಣ್ಣದಾಯಿತು. "ಅಜ್ಜಿ, ಇದನ್ನ ಟೋಪಿ ಮೇಲೆ ಹೊಲಿದ್ರೆ ದಾರ ಉಬ್ಬಿ ಆ ಸಂದು ಮುಚ್ಚೋಗ್ತದೆ. ಆಮೇಲೆ ಅದು ಹುಚ್ಚಣ್ಣಂದಾಗ್ಬುಡ್ತದೆ. ಇನ್ನೊಂಚೂರು ಅಗಲ ಮಾಡಲಾ?"

"ಅಷ್ಟಗಲ ಬಾಗ್ಲು ಬುಟ್ರೆ ಆಚೆ ಹೋಗ್ತವೆ ಕಣಮ್ಮ," ಅಂದಳು.

ಇಬ್ಬರೂ ಹಟ ಹಿಡಿದೆವು. ನಡುವೆ ಬಂದವರು ಮೇಷ್ಟ್ರು. ಜೇಬಿನಿಂದ ಕೈವಾರ ತೆಗೆದರು. ರಿಟೈರಾದರೂ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವ ಮನುಷ್ಯ. ದುಂಡಿನ ಗೆರೆ ಎಷ್ಟು ದಪ್ಪವೋ ತೆರಪೂ ಅಷ್ಟೇ ಅಗಲ, ಬೊಟ್ಟು ಅದಕ್ಕಿಂತ ಕೊಂಚ ದೊಡ್ಡದು, ಬೊಟ್ಟಿನ ಸುತ್ತ ಖಾಲಿ ಜಾಗ ಧಾರಾಳ, ಹೀಗೆ ಕಾಗದದ ಮೇಲೆ ಎಳೆದರು. ಎದೆಯಳತೆಗೆ, ಟೋಪಿಯಳತೆಗೆ, ಗುಂಡಿಯಳತೆಗೆ ಮೂರು ಸಲ ಎಳೆದರು. ಮೂರೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ನಾನು ಒಂದು ಗೆರೆಯನ್ನೂ ತಿದ್ದಲಿಲ್ಲ.

ಗುರಾಣಿಯಾಕಾರಕ್ಕೆ ಕತ್ತರಿಸಿದ ದಪ್ಪ ನೀಲಿ ಬಟ್ಟೆಯ ಮೇಲೆ ಬಿಳಿ ದಾರದಲ್ಲಿ ಹೊಲಿದೆ. ತೆಳು ಜರ್ಸಿಯ ಮೇಲೆ ನೇರ ಹೊಲಿದರೆ ಮತ್ತೆ ಸುರುಟುತ್ತದಲ್ಲ, ಅದಕ್ಕೆ ಬ್ಯಾಡ್ಜನ್ನೇ ಬೇರೆ ಮಾಡಿ ಜರ್ಸಿಗೆ ಹಚ್ಚುವುದು ಅಂತಾಯಿತು. ಮೊದಲನೆಯದನ್ನು ತಗೊಂಡು ಹೋಗಿ ಗಗನಾಳ ಎದೆಗೆ ಹಚ್ಚಿ ಬೀದಿಯ ಆ ತುದಿಯಲ್ಲಿ ನಿಲ್ಲಿಸಿದೆವು. ಪೆದ್ದಮ್ಮ ಜಗಲಿಯ ಮೇಲೆ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಅವಳ ಒಂದು ಕಣ್ಣಿಗೆ ಪೊರೆ ಬಂದಿದೆ. ಬಹಳ ಹೊತ್ತು ನೋಡಿದಳು.

"ನಂದೇಯ," ಅಂದಳು. "ಹೊಲ್ಕಳ್ರಿ."

ಮಧುಗಿರಿಗೆ ನಾನೂ ಹೋದೆ. ಅಂಗಡಿ ಮುಚ್ಚಿಕೊಂಡು ಆಟ ನೋಡಲು ಹೋದದ್ದು ಅದೇ ಮೊದಲು. ಹುಡುಗಿಯರು ಮೈದಾನಕ್ಕೆ ಇಳಿಯುವಾಗ ಮೈಕಿನವನು ಚೀಟಿ ನೋಡಲಿಲ್ಲ, ದೂರದಿಂದ ಎದೆ ನೋಡಿದ. "ಉಂಗುರದ ಗುರುತಿನ ತಂಡ, ಹುಲಿಕುಂಟೆ!" ಅಂದ. ಸ್ನೇಹಲತಾ ನನ್ನ ತೋಳು ಹಿಡಿದು ಹಿಂಡಿದಳು, ಆ ಕಲೆ ಎರಡು ದಿನ ಇತ್ತು. ಕೊರಟಗೆರೆಯವರನ್ನು ಸೋಲಿಸಿದರು. ಫೈನಲ್ಲಿನಲ್ಲಿ ಪಾವಗಡದವರ ಹತ್ತಿರ ಒಂದೇ ಪಾಯಿಂಟಿಗೆ ಸೋತರು. ಅವರ ಕೋಚ್ ಬಂದು "ಮೀ ಪಿಲ್ಲಲು ಚಾನಾ ಬಾಗ ಆಡ್ನಾರಮ್ಮ" ಅಂತ ತೆಲುಗಿನಲ್ಲೇ ನಮ್ಮ ಹುಡುಗಿಯರ ಆಟ ಹೊಗಳಿ ಸ್ನೇಹಲತಾಳ ಕೈ ಕುಲುಕಿದ. ಎರಡನೇ ಬಹುಮಾನದ ಕಪ್ಪು ಲೋಟದಷ್ಟಿತ್ತು. ಅದರ ಮೇಲೆ ಉಗುರಗಲದ ಜಾಗದಲ್ಲಿ ಗುರುತು ಕೆತ್ತಿದರು. ತೆರಪು ಮುಚ್ಚಲಿಲ್ಲ. ಹುಡುಗಿಯರು ಅದನ್ನು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ಬಸ್ಸಿನ ತುಂಬ ಕಿರುಚಿದರು.

ಶಿರಾದಲ್ಲಿ ಇಳಿಯದೆ ನಾನೂ ಅವರ ಜೊತೆಗೇ ಹೋದೆ. ಹುಲಿಕುಂಟೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಸ್ಟಾಪಿನಲ್ಲಿ ಪೆದ್ದಮ್ಮ ನಿಂತಿದ್ದಳು, ಪಕ್ಕದಲ್ಲಿ ಬೈರಪ್ಪ. ಹಾರ ತಂದಿದ್ದಾರೇನೋ ಅಂತ ನೋಡಿದೆ, ಕೈ ಖಾಲಿ ಇತ್ತು. ಹುಡುಗಿಯರು ಇಳಿಯುತ್ತಿದ್ದ ಹಾಗೆ ಮುದುಕಿ ಒಬ್ಬೊಬ್ಬಳ ಎದೆಯ ಬ್ಯಾಡ್ಜನ್ನು ಬೆರಳಿನಿಂದ ಮುಟ್ಟಿದಳು. ತುಟಿ ಅಲುಗುತ್ತಿತ್ತು. ಸ್ನೇಹಲತಾ ಅವಳ ಮುಂದೆ ಕಪ್ಪು ಹಿಡಿದಳು. ಪೆದ್ದಮ್ಮ ಕಪ್ಪಿನ ಕಡೆ ನೋಡಲಿಲ್ಲ.

"ಒಂದು ಕಮ್ಮಿ ಐತೆ," ಅಂದಳು.

"ಗಗನಾ ಅಜ್ಜಿ. ಶಿರಾದಲ್ಲೇ ಇಳ್ಕಂಡ್ಳು, ಅವರತ್ತೆ ಮನೆ ಐತಲ್ಲ. ನಾಳೆ ಬರ್ತಾಳೆ."

"ಹೊತ್ತು ಮುಳುಗ್ತಾ ಐತೆ," ಅಂದಳು ಪೆದ್ದಮ್ಮ, ಮತ್ತು ಸ್ಟಾಪಿನ ಕಲ್ಲಿನ ಮೇಲೆ ಕೂತಳು.

ನಾನು ಸಮಾಧಾನ ಹೇಳಲು ಹೊರಟೆ, ದೊಡ್ಡ ಹುಡುಗಿ, ಸ್ವಂತ ಅತ್ತೆ ಮನೆ ಅಂತ. ಬೈರಪ್ಪ ಕೈ ಅಡ್ಡ ಮಾಡಿದ. ತಾನೂ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಬೀಡಿ ಹಚ್ಚಿದ. ಇಳಿದು ಮನೆ ಕಡೆ ಹೊರಟಿದ್ದವರು ನಿಂತರು. ಒಬ್ಬರ ಮಂದೆಯಲ್ಲಿ ಕಮ್ಮಿ ಬಿದ್ದರೆ ಅಲ್ಲಿ ಯಾರೂ ಮನೆಗೆ ಹೋಗುವುದಿಲ್ಲವಂತೆ. ಹುಚ್ಚಣ್ಣ ಬೈಕು ಹತ್ತಿ ಶಿರಾ ಕಡೆ ಹೋದ. ಹುಡುಗಿಯರು ಕಪ್ಪು ನೆಲದ ಮೇಲಿಟ್ಟು ಮುದುಕಿಯ ಸುತ್ತ ಕೂತರು. ಬೀದಿ ದೀಪ ಹತ್ತಿಕೊಂಡಿತು.

ಬೈಕಿನ ಹಿಂದೆ ಕೂತು ಗಗನಾ ಬಂದಾಗ ಅವಳ ಕೈಯಲ್ಲಿ ಇನ್ನೂ ಮುದ್ದೆ ಮೆತ್ತಿಕೊಂಡಿತ್ತು. ಊಟದಿಂದ ಎಬ್ಬಿಸಿಕೊಂಡು ಬಂದಿದ್ದ. ಜರ್ಸಿ ಬಿಚ್ಚಿಟ್ಟು ಅತ್ತೆಯ ನೈಟಿ ಹಾಕಿಕೊಂಡಿದ್ದಳು. ಪೆದ್ದಮ್ಮ ಅವಳ ಎದೆ ನೋಡಿದಳು, ಮುಖ ನೋಡಿದಳು, ಮತ್ತೆ ರಸ್ತೆಯ ಕಡೆಗೇ ತಿರುಗಿ ಕೂತಳು. ಹುಚ್ಚಣ್ಣನೇ ಅವಳ ಬ್ಯಾಗಿನಿಂದ ಜರ್ಸಿ ಎಳೆದು ಕೊಟ್ಟ. ಗಗನಾ ಬೀದಿ ದೀಪದ ಕೆಳಗೆ ನೈಟಿಯ ಮೇಲೆಯೇ ಅದನ್ನು ತೊಟ್ಟುಕೊಂಡಳು.

ಮುದುಕಿ ಎದ್ದು ಬಂದು ಬೊಟ್ಟಿನ ಮೇಲೆ ಬೆರಳಿಟ್ಟಳು. ನನಗೆ ಅಳು ಬಂದುಬಿಟ್ಟಿತು, ಯಾಕೆ ಸುಳ್ಳು ಹೇಳಲಿ.

"ಎಲ್ಲಾ ಬಂದ್ವು," ಅಂದಳು ಪೆದ್ದಮ್ಮ. "ಇನ್ನು ಉಣ್ಣಕ್ಕೆ ಹೋಗ್ರಪ್ಪ."

ಎಲ್ಲರೂ ಎದ್ದು ಮನೆಗೆ ಹೋದೆವು.